ಮೆಂಬರ್ ಭಾಷಣವೂ ಟೈಲರ್ ಟೇಪೂ

ಗ್ರಾಮಸಭೆ ಮುಗಿದು ಅರ್ಧ ಗಂಟೆಯಾಗಿತ್ತು. ಯಾರೂ ಮನೆಗೆ ಹೋಗಿರಲಿಲ್ಲ. ಸಭೆಯಲ್ಲಿ ತುಟಿ ಬಿಚ್ಚದವರೆಲ್ಲ ಟೈಲರ್ ಅಂಗಡಿ ಮುಂದೆ ಬಂದು ಬಾಯಿ ಬಿಡುವುದು ನಮ್ಮೂರ ಪದ್ಧತಿ. ಆವತ್ತಿನ ವಿಷಯ ಗೋಮಾಳದ ಡ್ರೋನ್ ಸರ್ವೆ. ಒಂದು ಸುತ್ತು ಹಾರಿ ಮೊದಲ ಫೋಟೊ ಬಂದಾಗಿತ್ತು, ಇನ್ನೊಂದು ಸುತ್ತು ಬಾಕಿ ಇತ್ತು. ಸರ್ವೆ ಯಾಕೆ ಅಂತ ನಮ್ಮ ವಾರ್ಡಿನ ಮೆಂಬರ್ ಮುಕ್ಕಾಲು ಗಂಟೆ ಭಾಷಣ ಮಾಡಿದ್ದರು.

ಟೈಲರ್ ಕೊರಳಲ್ಲಿದ್ದ ಟೇಪನ್ನು ಶಲ್ಯದ ಹಾಗೆ ಹೆಗಲ ಮೇಲೆ ಎಳೆದುಕೊಂಡ. ಥೇಟ್ ಮೆಂಬರ್ ಗತ್ತು.

"ಬಂಧುಗಳೇ! ಆ ಡ್ರೋನು ಯಾರ ಮನೇನೂ ಕೆಡವೋಕೆ ಬರ್ತಿಲ್ಲ. ಬರೀ ಫೋಟೊ ತೆಗೆಯೋಕೆ ಬರ್ತಿದೆ. ಫೋಟೊ ತೆಗೆದರೆ ಯಾರಾದ್ರೂ ಸಾಯ್ತಾರಾ?"

"ನಮ್ಮಪ್ಪ ಫೋಟೊ ತೆಗೆಸಿಕೊಂಡ ಮೂರೇ ತಿಂಗಳಿಗೆ ಹೋದ" ಅಂದ ಕುರಿ ತಾತ.

"ಆಗ ಅವರಿಗೆ 92 ಆಗಿತ್ತಲ್ಲ ತಾತ."

"ಅದಕ್ಕೂ ಮೊದಲು ಗಟ್ಟಿಯಾಗೇ ಇದ್ದ ಕಣಪ್ಪ."

ರಿಟೈರ್ ಆದ ಮೇಷ್ಟ್ರು ಕನ್ನಡಕ ಒರೆಸುತ್ತಾ, "ಭಾಷಣ ಕೆಟ್ಟದಾಗಿರಲಿಲ್ಲ ಕಣ್ರೋ. ಅರ್ಧ ಸರಿಯಾಗೇ ಹೇಳಿದ" ಅಂದರು. ಮೆಂಬರ್ ಅವರ ಹಳೇ ಶಿಷ್ಯ. ಶಾಲೆಯಲ್ಲೂ ಅರ್ಧ ಮಾರ್ಕೇ ಕೊಡುತ್ತಿದ್ದರಂತೆ.

ಸಭೆಯಲ್ಲಿ ಮೊದಲ ಗೊಂದಲ ಶುರುವಾಗಿದ್ದು ಹೀಗೆ. ಹಿಂದೆ ಡ್ರೋನ್ ಬಂದು ಮನೆಗಳ ಫೋಟೊ ತೆಗೆದಿತ್ತಲ್ಲ, ಮತ್ತೆ ಯಾಕೆ ಅಂತ ಜನ ಕೇಳಿದ್ದರು. ಅದು ಸ್ವಾಮಿತ್ವ ಯೋಜನೆ. 2020ರ ಏಪ್ರಿಲ್ 24ರಂದು ಶುರುವಾದದ್ದು. ಅದರ ಲೆಕ್ಕ ಊರೊಳಗಿನ ಗ್ರಾಮಠಾಣಾ ಜಾಗಕ್ಕೆ. ಆಗ ಮನೆ ಮನೆ ಸುತ್ತ ಸುಣ್ಣದ ಗೆರೆ ಎಳೆದಿದ್ದರು. ಈ ಸಲ ಹಾರುವುದು ಊರಾಚೆ, ದನ ಮೇಯುವ ಜಾಗದ ಮೇಲೆ. ಮೆಂಬರ್ ಇದನ್ನು ಚೆನ್ನಾಗೇ ಬಿಡಿಸಿ ಹೇಳಿದರು. ಆದರೆ ಮಾತಿನ ಭರದಲ್ಲಿ, "ಆ ಸಲ ನಿಮ್ಮದನ್ನ ಅಳೆದ್ರು, ಈ ಸಲ ನಮ್ಮದನ್ನ ಅಳೀತಾರೆ" ಅಂದುಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. "ನಮ್ಮದು ಅಂದ್ರೆ, ನಮ್ಮೆಲ್ಲರದು" ಅಂತ ತಿದ್ದಿಕೊಂಡರು. ಕೆಮ್ಮು ನಿಲ್ಲಲಿಲ್ಲ.

"ಅದಿರ್ಲಿ, ನನ್ನ ಕುರಿ ಎಣಿಸ್ತದಾ ಅದು?" ತಾತನಿಗೆ ಅದೇ ಚಿಂತೆ.

ಇದಕ್ಕೆ ಉತ್ತರ ಕೊಡಲು ಟೈಲರ್ ಮಗ ಇದ್ದ. ಡಿಪ್ಲೊಮಾ ಮುಗಿಸಿ ಸರ್ವೆಯವರ ಜೊತೆ ಎರಡು ದಿನ ಕೋಲು ಹಿಡಿಯುವ ಕೆಲಸಕ್ಕೆ ಹೋಗಿದ್ದಾನೆ. ಆ ಎರಡು ದಿನದಲ್ಲಿ ಅವನ ನಡಿಗೆಯೇ ಬದಲಾಗಿದೆ.

"ಎಣಿಸಲ್ಲ ತಾತ. ಅದು ಒಂದು ಫೋಟೊ ಅಲ್ಲ. ನೂರಾರು ಫೋಟೊ ತೆಗೆದು ಹೊಲೀತಾರೆ. ಒಂದು ಫೋಟೊದಲ್ಲಿ ಇದ್ದದ್ದು ಪಕ್ಕದ ಫೋಟೊದಲ್ಲೂ ಮುಕ್ಕಾಲು ಪಾಲು ಇರ್ತದೆ. ನೆಲ, ಕಲ್ಲು, ಮರ ನಿಂತಲ್ಲೇ ನಿಂತಿರ್ತವೆ, ಸರಿಯಾಗಿ ಕೂರ್ತವೆ. ನಿನ್ನ ಕುರಿ ಅಷ್ಟರಲ್ಲಿ ನಡೆದಿರ್ತದೆ. ಅದಕ್ಕೇ ಹೊಲಿದ ಮೇಲೆ ಒಂದೇ ಕುರಿ ಎರಡು ಕಡೆ ಕಾಣಬಹುದು. ಇನ್ನೊಂದಕ್ಕೆ ತಲೆನೇ ಇಲ್ಲದಿರಬಹುದು."

"ಅಯ್ಯಯ್ಯೋ, ತಲೆ ಇಲ್ಲದ ಕುರಿ ಅಂತ ರೆಕಾರ್ಡಲ್ಲಿ ಬರಕೊಂಡ್ರೆ?"

"ಸಾಲ ಸಿಗೋದು ಕಷ್ಟ" ಅಂದ ಟೈಲರ್.

ಭಾಷಣದಲ್ಲಿ ಎಲ್ಲರಿಗೂ ನೆನಪಿದ್ದ ಮಾತು ಅಂದರೆ ಬೆರಣಿಯದು. "400 ಅಡಿ ಮೇಲಿಂದ ನೋಡಿದ್ರೂ ಫೋಟೊದ ಒಂದೊಂದು ಚುಕ್ಕಿ ನೆಲದ ಮೇಲೆ 5 ಸೆಂಟಿಮೀಟರ್. ಒಂದು ಗೇಣಗಲದ ಬೆರಣಿ ನಾಲ್ಕು ಚುಕ್ಕಿ ಅಗಲ ಕಾಣ್ತದೆ! ಯಾರೂ ಏನೂ ಮುಚ್ಚಿಡೋಕಾಗಲ್ಲ!" ಅಂತ ಮೆಂಬರ್ ಗುಡುಗಿದ್ದರು. ಆ ರಾತ್ರಿಯೇ ಗೋಮಾಳದಲ್ಲಿದ್ದ ಎರಡು ಹುಲ್ಲಿನ ಬಣವೆ ಕಾಲು ಬಂದ ಹಾಗೆ ನಡೆದು ಅವರವರ ಹಿತ್ತಿಲು ಸೇರಿದವು. ಅವು ಇದ್ದ ಜಾಗದಲ್ಲಿ ಗುಂಡಗೆ ಹಳದಿ ಕಲೆ ಮಾತ್ರ ಉಳಿದಿದೆ. ಅದು ಇನ್ನೂ ಚೆನ್ನಾಗಿ ಕಾಣುತ್ತದಂತೆ.

ಆದರೆ ಡ್ರೋನಿಗೆ ಕಾಣುವುದು ನೆಲದ ಮೇಲೆ ಈಗ ಏನಿದೆ ಅನ್ನುವುದು ಮಾತ್ರ. ಅದು ಯಾರದ್ದು ಅನ್ನುವುದು ಕಾಣುವುದಿಲ್ಲ. ಮೆಂಬರ್ ಬಿಟ್ಟ ಅರ್ಧ ಇದೇ. ಮೇಷ್ಟ್ರು ಹಿಡಿದುಕೊಂಡದ್ದೂ ಇದನ್ನೇ.

"ಗಡಿ ಇರೋದು ಆಕಾಶದಲ್ಲಲ್ಲ ಕಣೋ, ಟಿಪ್ಪಣಿಲಿ. ಆ ಕಾಲದಲ್ಲಿ ಸರಪಳಿ ಹಿಡಿದು ಅಳೆದು ಬರೆದಿಟ್ಟಿದ್ದಾರೆ. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದ್ರೆ ಒಂದು ಗುಂಟೆ. ಅಂಥ 40 ಸೇರಿದ್ರೆ ಎಕರೆ. ಆ ಅಳತೆ ತಂದು ಈ ಫೋಟೊ ಮೇಲೆ ಕೂರಿಸಬೇಕು. ಕೂರಿಸೋಕೆ ಬಾಂದು ಕಲ್ಲು ಸಿಗಬೇಕು. ಕಲ್ಲು ಎಲ್ಲಿದೆ?"

ಕಲ್ಲು ಎಲ್ಲಿದೆ ಅನ್ನುವುದು ನಮ್ಮೂರಿನಲ್ಲಿ ಕೇಳಬಾರದ ಪ್ರಶ್ನೆ. ಒಂದು ಕಲ್ಲು ಒಬ್ಬರ ಬಚ್ಚಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದೆ. ಇನ್ನೊಂದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರು ಮಾಡಿದ್ದಾರೆ. ಆ ದೇವರು ವರ್ಷಕ್ಕೆ ಎರಡಡಿ ಗೋಮಾಳದ ಕಡೆ ಜರುಗುತ್ತಾನೆ, ಜೊತೆಗೆ ಹೊಲವನ್ನೂ ಕರೆದುಕೊಂಡು ಹೋಗುತ್ತಾನೆ.

"ಜರುಗಿದ್ದು ಹೆಂಗೆ ಗೊತ್ತಾಗ್ತದೆ?" ಅಂತ ನಾನು ಕೇಳಿದೆ.

ಹುಡುಗ ಹೇಳಿದ. ಮೂರೂರು ಗಡಿ ಸೇರುವ ಕಡೆ ಒಂದು ದೊಡ್ಡ ಕಲ್ಲಿದೆ. ಮೂರೂ ಊರಿನವರು ಕಾಯುವುದರಿಂದ ಅದನ್ನು ಯಾರೂ ಜರುಗಿಸಿಲ್ಲ. ಸರ್ವೆಯವರು ಅಲ್ಲಿಂದ ಟಿಪ್ಪಣಿಯ ಪ್ರಕಾರ ಈ ದೇವರ ಕಲ್ಲಿಗೆ ಅಳೆದರು. ಪುಸ್ತಕದಲ್ಲಿ 20 ಸರಪಳಿ, ಅಂದರೆ 660 ಅಡಿ. ನೆಲದ ಮೇಲೆ ಬಂದದ್ದು 682. ಹಳೇ ಸರಪಳಿ ಎಳೆದೆಳೆದು ಕೊಂಡಿ ಸವೆದು ಒಂದೆರಡು ಅಡಿ ಹೆಚ್ಚು ಕಡಿಮೆ ಆಗುವುದುಂಟು. ಅದು ಎಲ್ಲ ಕಲ್ಲಿಗೂ ಒಂದೇ ಪ್ರಮಾಣದಲ್ಲಿ ಆಗಿರುತ್ತದೆ. ಇಲ್ಲಿ ಉಳಿದ ಕಲ್ಲುಗಳೆಲ್ಲ ಸರಿಯಾಗಿ ಕೂತವು. ಇದೊಂದು ಮಾತ್ರ 22 ಅಡಿ ಆಚೆ.

"ವರ್ಷಕ್ಕೆ ಎರಡಡಿ ಅಂದ್ರೆ ಹನ್ನೊಂದು ವರ್ಷ. ದೇವರಿಗೆ ಗುಡಿ ಕಟ್ಟಿ ಎಷ್ಟು ವರ್ಷ ಆಯ್ತು?" ಅಂದ ಟೈಲರ್.

"ಹನ್ನೊಂದು" ಅಂದ ತಾತ. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗುಡಿ ಪೂಜಾರಿ ಅಲ್ಲೇ ಗುಂಡಿ ಹಾಕಿಸಿಕೊಳ್ಳುತ್ತಾ ನಿಂತಿದ್ದರು.

ಸುಣ್ಣದ ಕಥೆ ಇನ್ನೊಂದು. ಹಾರಿಸುವ ಮೊದಲು ನೆಲದ ಮೇಲೆ ಅಲ್ಲಲ್ಲಿ ಸುಣ್ಣದಲ್ಲಿ ದೊಡ್ಡ ಕೂಡು ಗುರುತು ಬರೆಯುತ್ತಾರೆ. ಅದರ ನಟ್ಟನಡುವೆ ಉಪಗ್ರಹದ ಸಿಗ್ನಲ್ ಹಿಡಿಯುವ ಕೋಲು ನಿಲ್ಲಿಸಿ, ಆ ಜಾಗ ಭೂಮಿ ಮೇಲೆ ಎಲ್ಲಿದೆ ಅಂತ ಬೆರಳಗಲದ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಫೋಟೊವನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸಿದ ಹಾಗೆ ಅದು. ಬೆಳಗಿನ ಜಾವ ಎಮ್ಮೆ ಹೊಡೆದುಕೊಂಡು ಹೋದ ಅಜ್ಜಿಯೊಬ್ಬರು ಬಯಲ ನಡುವೆ ಬಿಳೀ ಗುರುತು ನೋಡಿ, ಯಾರೋ ಮಾಟ ಮಾಡಿದ್ದಾರೆ ಅಂತ ಸಗಣಿ ನೀರು ಚೆಲ್ಲಿ ಕಾಲಿನಿಂದ ಉಜ್ಜಿದರು. ಮೇಲಿಂದ ಒಂದು ನಿಂಬೆಹಣ್ಣನ್ನೂ ಇಟ್ಟು ಬಂದರು.

"ಆ ಗುರುತು ಹೋದ್ರೆ ಏನಾಗ್ತದೆ?"

"ಒಂದು ಹೋದ್ರೆ ಪರವಾಗಿಲ್ಲ, ಬೇರೆ ಇರ್ತವೆ. ಜಾಸ್ತಿ ಹೋದ್ರೆ ಫೋಟೊ ಅಂಚಲ್ಲಿ ಸೊಟ್ಟಗೆ ಆಗ್ತದೆ. ಅದಕ್ಕೇ ಒಂದೆರಡು ಗುರುತನ್ನ ಹೊಲಿಯೋಕೆ ಬಳಸದೆ ಬೇರೆ ಇಟ್ಟಿರ್ತಾರೆ. ಹೊಲಿದಾದ ಮೇಲೆ ಫೋಟೊದಲ್ಲಿ ಅದು ಎಲ್ಲಿ ಬಂತು, ಕೋಲು ಎಲ್ಲಿ ಹೇಳಿತ್ತು ಅಂತ ತಾಳೆ ನೋಡ್ತಾರೆ. ಒಂದು ಗೇಣು ವ್ಯತ್ಯಾಸ ಬಂದ್ರೆ ಮತ್ತೆ ಮೊದಲಿಂದ."

"ನಾನು ಪ್ಯಾಂಟ್ ಹೊಲಿದು ಒಂದು ಸಲ ಹಾಕಿ ನೋಡು ಅಂತೀನಲ್ಲ, ಹಂಗೆ" ಅಂದ ಟೈಲರ್. ಅವನು ಹೊಲಿದ ಪ್ಯಾಂಟಿನಲ್ಲಿ ಒಂದು ಗೇಣು ವ್ಯತ್ಯಾಸ ಮಾಮೂಲಿ.

ಇನ್ನು ಲೆಕ್ಕ. ಪಹಣಿಯಲ್ಲಿ ಗೋಮಾಳ 18 ಎಕರೆ 20 ಗುಂಟೆ. ಮೊದಲ ಫೋಟೊದಲ್ಲಿ ಬಯಲಾಗಿ ಕಂಡದ್ದು 14 ಎಕರೆ 30 ಗುಂಟೆ. 3 ಎಕರೆ 30 ಗುಂಟೆ ಮಾಯ! ಅಷ್ಟು ಕೇಳಿದ್ದೇ ತಡ, ಸಭೆಯಲ್ಲಿ ಕಳ್ಳ ಯಾರು ಅಂತ ಕಿರುಚಾಟ ಶುರುವಾಗಿತ್ತು. ಮೇಷ್ಟ್ರು ಇಲ್ಲಿ ನಿಧಾನಕ್ಕೆ ಬಿಡಿಸಿದರು. 1 ಎಕರೆ 10 ಗುಂಟೆ ರಸ್ತೆಗೆ ಹೋಗಿದೆ, ಅದನ್ನು ಯಾರೂ ನುಂಗಿಲ್ಲ. 1 ಎಕರೆ 20 ಗುಂಟೆಯಲ್ಲಿ ಹೊಂಗೆ ಮರ, ಅದರಡಿ ಲಂಟಾನ. ಮೇಲಿಂದ ನೋಡಿದರೆ ಬರೀ ಹಸಿರು, ಕೆಳಗೆ ಬೇಲಿ ಎಲ್ಲಿದೆ ಅಂತ ಡ್ರೋನಿಗೆ ಕಾಣಲ್ಲ. ಅಲ್ಲಿ ಮನುಷ್ಯರೇ ಮುಳ್ಳು ಚುಚ್ಚಿಸಿಕೊಂಡು ಒಳಗೆ ಹೋಗಬೇಕು. ಉಳಿದದ್ದು 1 ಎಕರೆ.

"ಆ ಒಂದು ಎಕರೆ?"

"ಸುತ್ತ ಇರೋ ಹೊಲಗಳು. ವರ್ಷಕ್ಕೊಂದು ಸಾಲು. ಒಂದಡಿ ಅಗಲ, 330 ಅಡಿ ಉದ್ದ ಅಂತಿಟ್ಕೊ. ಮೂರು ವರ್ಷ ಕಳೆದು ಸ್ವಲ್ಪ ದಿನಕ್ಕೆ ಒಂದು ಗುಂಟೆ."

"ನಾನೇನು ಬೇಕಂತ ಮಾಡಿದ್ನಾ, ಎತ್ತು ಎಳೆದುಬಿಡ್ತವೆ" ಅಂತ ತಾತ ತಾನಾಗೇ ಒಪ್ಪಿಕೊಂಡುಬಿಟ್ಟ. ಯಾರೂ ಅವನ ಹೆಸರೆತ್ತಿರಲಿಲ್ಲ. "ಮತ್ತೆ ನಮ್ಮ ಹೊಲಾನೂ ಆ ಕಡೆಯಿಂದ ರಸ್ತೆ ತಿಂದಿದೆಯಲ್ಲ, ಅದನ್ನ ಯಾರು ಕೇಳ್ತಾರೆ?"

ಅದು ನ್ಯಾಯವಾದ ಪ್ರಶ್ನೆ ಅಂತ ನನಗನ್ನಿಸಿತು. ಮೆಂಬರ್ ಸಭೆಯಲ್ಲಿ 2011ರ ಸುಪ್ರೀಂ ಕೋರ್ಟ್ ತೀರ್ಪು ಎತ್ತಿದರು, ಊರ ಸಾಮೂಹಿಕ ಜಾಗ ಬಿಡಿಸಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿದ್ದು. ನೂರು ದನಕ್ಕೆ 12 ಹೆಕ್ಟೇರ್ ಗೋಮಾಳ ಅನ್ನುವ ನಿಯಮವನ್ನೂ ಹೇಳಿದರು. ಎಲ್ಲ ಸರಿ. ಆದರೆ ಕರಡು ನಕ್ಷೆ ಬಂದಾಗ ತಕರಾರನ್ನು ಬಾಯಲ್ಲಿ ಹೇಳಿ ಸುಮ್ನಾಗಬೇಡಿ, ಬರೆದು ಕೊಟ್ಟು ರಸೀದಿ ತಗೊಳ್ಳಿ ಅಂತ ಹೇಳಲೇ ಇಲ್ಲ. ಅದನ್ನು ಮೇಷ್ಟ್ರು ತಾತನಿಗೆ ಎರಡು ಸಲ ಹೇಳಿದರು.

ಅಷ್ಟರಲ್ಲಿ ಮೆಂಬರೇ ಬಂದರು. ಮುಖ ಬಾಡಿತ್ತು.

"ಏನಣ್ಣ, ಭಾಷಣ ಜೋರಾಗಿತ್ತು" ಅಂದೆ.

"ಅದು ಬಿಡಪ್ಪ. ನಮ್ಮ ದನದ ಕೊಟ್ಟಿಗೆ ಗೋಮಾಳದೊಳಗೆ ಆರಡಿ ಬಂದಿದೆ ಅಂತ ಫೋಟೊದಲ್ಲಿ ತೋರಿಸ್ತಾ ಇದಾನೆ ಆ ಸರ್ವೆ ಹುಡುಗ. ಡ್ರೋನಿಗೆ ಕಾಣೋದು ಸೂರು! ಶೀಟು ಗೋಡೆಯಿಂದ ಎರಡಡಿ ಮುಂದೆ ಚಾಚಿದೆ. ಗೋಡೆ ಅಳೀಬೇಕು ತಾನೇ?"

"ಸೂರು ಎರಡಡಿ ಕಳೆದ್ರೂ ಗೋಡೆ ನಾಲ್ಕಡಿ ಒಳಗೇ ಇರ್ತದಲ್ಲ" ಅಂದರು ಮೇಷ್ಟ್ರು.

ಮೆಂಬರ್ ಅದಕ್ಕೆ ಉತ್ತರ ಕೊಡಲಿಲ್ಲ. ಟೈಲರ್ ಕಡೆ ತಿರುಗಿ, "ಲೋ, ನಾಳೆ ಬೆಳಿಗ್ಗೆ ಗೋಡೆ ಅಳೆಯೋಕೆ ಬರ್ತಾರಂತೆ. ನಿನ್ನ ಟೇಪ್ ಸ್ವಲ್ಪ ಕೊಟ್ಟಿರೋ" ಅಂದರು.

"ಬೇಡಣ್ಣ, ಇದು ಎಳೆದೆಳೆದು ಉದ್ದ ಆಗಿಬಿಟ್ಟಿದೆ. ನಾಲ್ಕಡಿ ಇದ್ರೆ ಮೂರೂವರೆ ಅಂತ ತೋರಿಸ್ತದೆ."

"ಗೊತ್ತು ಕಣೋ" ಅಂದರು ಮೆಂಬರ್. "ಹೋದ ಯುಗಾದಿಗೆ ನನ್ನ ಶರ್ಟ್ ಹೊಲಿದಿದ್ದೆಯಲ್ಲ."