ಸಹಾಯ ಬೇಕು: ಬಂಧನ ಶಕ್ತಿಯ ಶಿಖರ 50ರ ಬದಲು 60ರ ಬಳಿ ಏಕೆ?

ಗೆಳೆಯರೇ, ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಪಾಠ ಸಿದ್ಧಪಡಿಸುವಾಗ ಒಂದು ಲೆಕ್ಕದಲ್ಲಿ ಸಿಲುಕಿದ್ದೇನೆ.

ನ್ಯೂಕ್ಲಿಯರ್ ಬಲ ಪಕ್ಕದ ಕಣಗಳಿಗಷ್ಟೇ ತಲುಪುವುದರಿಂದ ಚಿಕ್ಕ ಬೀಜಕೇಂದ್ರದಲ್ಲಿ ಮೇಲ್ಮೈ ಕಣಗಳಿಗೆ ನೆರೆಯವರು ಕಡಿಮೆ, ಬಂಧನವೂ ಸಡಿಲ. ದೊಡ್ಡದರಲ್ಲಿ ಪ್ರತಿ ಪ್ರೋಟಾನೂ ಉಳಿದೆಲ್ಲ ಪ್ರೋಟಾನುಗಳನ್ನು ದೂರ ತಳ್ಳುತ್ತದೆ. ಈ ಎರಡು ನಷ್ಟಗಳ ಮೊತ್ತ ಕನಿಷ್ಠವಾಗುವಲ್ಲೇ ಶಿಖರವಿರುತ್ತದೆ. ಪ್ರತಿ ಕಣಕ್ಕೆ ಮೇಲ್ಮೈ ನಷ್ಟ 17.8 A^(-1/3) ಎಂಇವಿ, ವಿದ್ಯುತ್ ನಷ್ಟ 0.711 Z²/A^(4/3) ಎಂಇವಿ ಎಂದು ತೆಗೆದುಕೊಂಡು, Z = A/2 ಎಂದಿಟ್ಟರೆ A ಸುಮಾರು 50 ಬರುತ್ತದೆ. ಆದರೆ ನಿಜವಾದ ಶಿಖರ ಕಬ್ಬಿಣ-56, ನಿಕ್ಕಲ್-62ರ ಸುತ್ತ ಇದೆ. ಕಬ್ಬಿಣದಲ್ಲಿರುವಂತೆ Z = 0.46 A ಎಂದಿಟ್ಟಾಗ 59 ಸಿಗುತ್ತದೆ. ಹೀಗೆ ಅನುಪಾತವನ್ನು ಸ್ಥಿರವಾಗಿಟ್ಟು ಅವಕಲಿಸುವುದು ಸರಿಯೇ, ಅಥವಾ A ಬದಲಾದಂತೆ Z/A ಬದಲಾಗುವುದನ್ನೂ ಸೇರಿಸಲೇಬೇಕೇ ಎಂಬುದು ನನ್ನ ಮುಖ್ಯ ಪ್ರಶ್ನೆ.

ಇನ್ನೊಂದು ವಿಷಯ. ಯುರೇನಿಯಂ-235ರಲ್ಲಿ ಪ್ರತಿ ಕಣಕ್ಕೆ ಸುಮಾರು 7.6 ಎಂಇವಿ, ತುಂಡುಗಳಲ್ಲಿ ಸುಮಾರು 8.5 ಇರುವುದರಿಂದ ಒಂದು ವಿದಳನಕ್ಕೆ ಸುಮಾರು 200 ಎಂಇವಿ ದೊರೆಯುತ್ತದೆ. ಒಟ್ಟು ಬಂಧನ ಶಕ್ತಿಯನ್ನು ತೆಗೆದುಕೊಂಡರೆ, ಡ್ಯುಟೀರಿಯಂ (2.2) ಮತ್ತು ಟ್ರಿಟಿಯಂ (8.5) ಸೇರಿ ಹೀಲಿಯಂ-4 (28.3) ಆದಾಗ ದೊರೆಯುವುದು 17.6 ಮಾತ್ರ. ಇದನ್ನು ನೋಡಿ ವಿದ್ಯಾರ್ಥಿಗಳು ವಿದಳನವೇ ಲಾಭದಾಯಕ ಎನ್ನುತ್ತಾರೆ. ಆದರೆ ಐದು ಕಣಗಳಿಗೆ ಹಂಚಿದರೆ ತಲಾ 3.5, ಅಂದರೆ ವಿದಳನದ ನಾಲ್ಕು ಪಟ್ಟು. ವಕ್ರರೇಖೆಯ ಎಡಬದಿ ಅಷ್ಟು ಕಡಿದಾಗಿರುವುದಕ್ಕೆ ಮೇಲ್ಮೈ ನಷ್ಟವೊಂದನ್ನೇ ಕಾರಣವೆಂದು ಹೇಳಬಹುದೇ? ಇಷ್ಟು ಹಗುರ ಬೀಜಕೇಂದ್ರಗಳಿಗೆ ಈ ಸೂತ್ರ ಹೊಂದುವುದಿಲ್ಲವಾದ್ದರಿಂದ ನನಗೆ ಅನುಮಾನವಿದೆ. ಬಲ್ಲವರು ದಯವಿಟ್ಟು ತಿಳಿಸಿ.