ಸಂಬಳ ಕೈಗೆ ಬಂದ ದಿನ ಮತ್ತು ಪುಸ್ತಕದಲ್ಲಿ ಬರೆದ ದಿನ

ಪ್ರಶ್ನೆ – ಬದಿಯಡ್ಕ ಸಮೀಪದ ಸದಸ್ಯೆ

ವಕೀಲರಿಗೆ ನಮಸ್ಕಾರ. ಹಾಳೆತಟ್ಟೆ ತಯಾರಿಸುವ ಸಣ್ಣ ಸಂಸ್ಥೆಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಒಟ್ಟು 11 ಮಂದಿ ಇದ್ದೇವೆ, ನನ್ನ ಸಂಬಳ 14,500 ರೂಪಾಯಿ. ಜನವರಿಯ ಸಂಬಳ ಫೆಬ್ರವರಿ 24ಕ್ಕೆ ಸಿಕ್ಕಿತು. ಫೆಬ್ರವರಿಯದ್ದು ಅರ್ಧ ಮಾರ್ಚ್ 19ಕ್ಕೆ ನಗದಾಗಿ, ಉಳಿದದ್ದು ಏಪ್ರಿಲ್ 2ಕ್ಕೆ ಬ್ಯಾಂಕಿನ ಮೂಲಕ ಬಂತು. ಇಂದು ಏಪ್ರಿಲ್ 28, ಮಾರ್ಚ್ ತಿಂಗಳದ್ದು ಇನ್ನೂ ಬಂದಿಲ್ಲ. ಪುಸ್ತಕದಲ್ಲಿ ಮಾತ್ರ ಪ್ರತಿ ತಿಂಗಳೂ 5ನೇ ತಾರೀಕು ಎಂದು ಬರೆಯಬೇಕು, ಬರೆಯುವವಳು ನಾನೇ, ಕೆಳಗೆ ಎಲ್ಲರೂ ಸಹಿ ಹಾಕುತ್ತೇವೆ. ಧನಿಗಳು ಕೆಟ್ಟವರಲ್ಲ, ನನ್ನ ತಂಗಿಯ ಮದುವೆಗೆ ಕೇಳದೆಯೇ ಹಣ ಕೊಟ್ಟವರು. ಆದ್ದರಿಂದಲೇ ಯಾರಿಗೂ ಬಾಯಿ ತೆರೆಯಲು ಧೈರ್ಯವಿಲ್ಲ. ಕುಟುಂಬಶ್ರೀ ಸಾಲದ ಕಂತಿಗೆ ಕಳೆದ ತಿಂಗಳು ಬಳೆ ಅಡವಿಟ್ಟೆ. ನಾವೇನು ಮಾಡಬಹುದು?

ಉಪ್ಪಳದ ಸದಸ್ಯರು

ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಸಂಬಳ ಕೊಡಬೇಕೆಂಬ ಕಾನೂನು ಇದೆ. ಆದರೆ 20 ಜನರಿಗಿಂತ ಕಡಿಮೆ ಇರುವ ಸಂಸ್ಥೆಗಳಿಗೆ ಅದು ಅನ್ವಯಿಸುವುದಿಲ್ಲ. ನೇಮಕಾತಿ ಪತ್ರವೂ ಇಲ್ಲದಿದ್ದರೆ ಬೇಡಿಕೊಳ್ಳುವುದೊಂದೇ ದಾರಿ.

ಉತ್ತರ – ಕಾಸರಗೋಡಿನ ವಕೀಲರು

ಉಪ್ಪಳದ ಸದಸ್ಯರು ಹೇಳಿದ 7ನೇ ತಾರೀಕು ಸರಿ, 20 ಜನರ ಲೆಕ್ಕ ಸರಿಯಲ್ಲ. ಅದು ಭವಿಷ್ಯ ನಿಧಿಗೆ ಸಂಬಂಧಿಸಿದ ಸಂಖ್ಯೆ. ಸಂಬಳದ ತಾರೀಕಿಗೆ ಅಂತಹ ಮಿತಿ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆಯೂ ತಿಂಗಳ ಸಂಬಳಕ್ಕೆ ಮುಂದಿನ ತಿಂಗಳ 7ನೇ ತಾರೀಕನ್ನೇ ಗಡುವಾಗಿ ಹೇಳುತ್ತದೆ, ಅದಕ್ಕೂ ಮುಂಚಿನ 1936ರ ವೇತನ ಪಾವತಿ ಕಾಯಿದೆಯೂ ನಿಮ್ಮಂತಹ ಸಣ್ಣ ಸಂಸ್ಥೆಗೆ ಅದೇ ದಿನವನ್ನು ಹೇಳುತ್ತಿತ್ತು. ಹಾಗಾಗಿ ಯಾವ ಕಾನೂನು ಎಂಬ ಚರ್ಚೆಗೆ ನೀವು ಇಳಿಯಬೇಕಾಗಿಲ್ಲ. ನೇಮಕಾತಿ ಪತ್ರ ಇಲ್ಲದಿರುವುದು ತೊಂದರೆಯೇ ಹೌದು, ಆದರೆ ಬ್ಯಾಂಕಿಗೆ ಬಂದ ಜಮೆ, ಹಾಜರಿ ಪುಸ್ತಕ ಮತ್ತು ಜೊತೆಗಾರರ ಮಾತು, ಇವುಗಳಿಂದ ಕೆಲಸ ಮಾಡಿದ್ದನ್ನು ತೋರಿಸಬಹುದು.

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಕಳವಳ ಉಂಟುಮಾಡಿದ್ದು ತಡವಾಗಿರುವುದಲ್ಲ, ಆ 5ನೇ ತಾರೀಕು. ಜನವರಿಯ ಸಂಬಳ 17 ದಿನ ತಡವಾಗಿದೆ, ಫೆಬ್ರವರಿಯ ಮೊದಲರ್ಧ 12 ದಿನ, ಎರಡನೆಯದು 26 ದಿನ, ಮಾರ್ಚಿನದ್ದು ಇಂದಿಗೆ 21 ದಿನ. ಇಷ್ಟೂ ನಿಮ್ಮ ನೆನಪಿನಲ್ಲಿದೆ, ಆದರೆ ಕಚೇರಿಯ ಕಾಗದ ಇದಕ್ಕೆ ವಿರುದ್ಧವಾಗಿದೆ, ಅದರ ಕೆಳಗೆ ಹನ್ನೊಂದು ಮಂದಿಯ ಸಹಿಯೂ ಇದೆ. ನಾಳೆ ಕಾರ್ಮಿಕ ಅಧಿಕಾರಿ ಬಂದು ಪುಸ್ತಕ ತೆರೆದರೆ ಅಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ಹೊಸ ಕಾನೂನಿನಲ್ಲಿ, ಸಂಬಳ ಬಾಕಿ ಎಂದು ನೌಕರರು ದೂರಿದರೆ ಕೊಟ್ಟಿದ್ದೇನೆಂದು ತೋರಿಸುವ ಹೊಣೆ ಮಾಲೀಕರದ್ದು. ಅಷ್ಟು ದೊಡ್ಡ ಅನುಕೂಲವನ್ನು ನೀವೇ ನಿಮ್ಮ ಕೈಬರಹದಿಂದ ಅವರಿಗೆ ಮರಳಿ ಕೊಡುತ್ತಿದ್ದೀರಿ.

ಆದ್ದರಿಂದ ಮೊದಲ ಕೆಲಸ ಹಣ ಕೇಳುವುದಲ್ಲ. ಈ ತಿಂಗಳಿಂದ ಪ್ರತಿಯೊಬ್ಬರೂ ಸಹಿಯ ಕೆಳಗೆ, ತಮ್ಮ ಕೈಯಲ್ಲೇ, ಹಣ ಕೈಗೆ ಬಂದ ದಿನವನ್ನು ಬರೆಯಲಿ. ಹಣ ಬರುವ ಮುಂಚೆ ಯಾರೂ ಸಹಿ ಹಾಕಬಾರದು. 5 ಎಂದು ಬರೆಯಲು ನಿಮಗೆ ಹೇಳಿದರೆ, «ಆ ಕಾಲಮನ್ನು ಖಾಲಿ ಬಿಡುತ್ತೇನೆ, ಕೊಟ್ಟ ದಿನ ತುಂಬಿಸುತ್ತೇನೆ, ಬ್ಯಾಂಕಿನ ಲೆಕ್ಕಕ್ಕೂ ಪುಸ್ತಕಕ್ಕೂ ತಾಳೆಯಾಗದಿದ್ದರೆ ನಾಳೆ ತಪಾಸಣೆಯಲ್ಲಿ ನಿಮಗೇ ತೊಂದರೆ» ಎಂದು ಹೇಳಿ. ಇದು ಲೆಕ್ಕ ಬರೆಯುವವರು ಹೇಳಬೇಕಾದ ಮಾತು, ಇದರಲ್ಲಿ ಅವಿನಯವಿಲ್ಲ. ನಗದಿನ ಬದಲು ಪೂರ್ತಿ ಸಂಬಳ ಖಾತೆಗೇ ಬರಲಿ ಎಂದೂ ಕೇಳಿ, ಏಕೆಂದರೆ ಮಾರ್ಚ್ 19ರಂದು ನಗದಾಗಿ ಸಿಕ್ಕಿದ ಅರ್ಧಕ್ಕೆ ಈಗ ನಿಮ್ಮ ಬಳಿ ಯಾವ ದಾಖಲೆಯೂ ಇಲ್ಲ. ಹಿಂದಿನ ತಿಂಗಳ ನಿಜವಾದ ದಿನಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದು, ಖಾತೆಗೆ ಜಮೆಯಾದಾಗ ಮೊಬೈಲಿಗೆ ಬಂದ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ.

ಎರಡನೆಯದು, ಎಲ್ಲರೂ ಸೇರಿ ಒಂದು ಪತ್ರ. ಅದರಲ್ಲಿ ದೂರಿನ ಧಾಟಿ ಬೇಡ, ದಿನಾಂಕ ಮಾತ್ರ ಇರಲಿ: «ಮಾರ್ಚ್ ತಿಂಗಳ ಸಂಬಳ ಏಪ್ರಿಲ್ 7ರೊಳಗೆ ಸಿಗಬೇಕಾಗಿದ್ದು ಇಂದಿನವರೆಗೆ ಸಿಕ್ಕಿಲ್ಲ. ಅದನ್ನು ಯಾವ ದಿನ ಕೊಡುವಿರಿ, ಮುಂದಿನ ತಿಂಗಳುಗಳಲ್ಲಿ ಯಾವ ದಿನ ನಿರೀಕ್ಷಿಸಬಹುದು ಎಂದು ತಿಳಿಸಬೇಕಾಗಿ ವಿನಂತಿ.» ಇಷ್ಟು ಸಾಕು. ಮದುವೆಗೆ ಕೊಟ್ಟ ಹಣದ ಉಪಕಾರ ನಿಜ, ಅದನ್ನು ಮರೆಯಬೇಕಾಗಿಲ್ಲ, ಆದರೆ ಅದು ಅವರ ಮತ್ತು ನಿಮ್ಮ ಮನೆಯ ನಡುವಿನ ಮಾತು. ನೀವು ಕೇಳುತ್ತಿರುವುದು ಈಗಾಗಲೇ ದುಡಿದು ಮುಗಿಸಿದ ಮಾರ್ಚ್ ತಿಂಗಳ ಹಣ.

ಮಂಜೇಶ್ವರದ ಸದಸ್ಯೆ

ನಾನು ಮಂಗಳೂರಿನ ಒಂದು ಬಟ್ಟೆ ಅಂಗಡಿಯನ್ನು ಬಿಟ್ಟು ಎರಡು ತಿಂಗಳಾಯಿತು, ಕೊನೆಯ ತಿಂಗಳ ಸಂಬಳ ಇನ್ನೂ ಕೊಟ್ಟಿಲ್ಲ. ನೀವೂ ಬಿಡುವ ಮೊದಲೇ ಲೆಕ್ಕ ಚುಕ್ತಾ ಮಾಡಿಸಿಕೊಳ್ಳಿ. ಬಿಟ್ಟ ಮೇಲೆ ಫೋನು ಕೂಡ ಎತ್ತುವುದಿಲ್ಲ.

ಕಾಸರಗೋಡಿನ ವಕೀಲರು

ಅವರು ಬಿಡುವ ಮಾತಾಡಿಲ್ಲ, ಇದ್ದುಕೊಂಡೇ ಕೇಳುವುದು ಹೇಗೆಂಬುದು ಅವರ ಪ್ರಶ್ನೆ. ನಿಮ್ಮ ವಿಷಯದಲ್ಲಿ ಈಗಿನ ಕಾನೂನಿನ ಗಡುವು ಎರಡು ಕೆಲಸದ ದಿನ, ನೀವೇ ರಾಜೀನಾಮೆ ಕೊಟ್ಟಿದ್ದರೂ ಅದೇ. ದುಡಿದ ಸ್ಥಳ ಮಂಗಳೂರು ಆದ್ದರಿಂದ ಅರ್ಜಿ ಅಲ್ಲಿನ ಕಾರ್ಮಿಕ ಇಲಾಖೆಗೆ ಹೋಗಬೇಕು, ಮನೆ ಮಂಜೇಶ್ವರದಲ್ಲಿದೆ ಎಂದು ಇಲ್ಲಿ ಕೊಟ್ಟರೆ ದಿನ ಕಳೆಯುತ್ತದೆ ಅಷ್ಟೆ.

ಪೆರ್ಲದ ಸದಸ್ಯರು, ಸಣ್ಣ ಘಟಕದ ಮಾಲೀಕರು

ತಂಗೀ, ನಾನು ಇನ್ನೊಂದು ಬದಿಯಿಂದ ಹೇಳುತ್ತೇನೆ. ನನ್ನಲ್ಲಿ ಆರು ಮಂದಿ ಇದ್ದಾರೆ, ಎರಡು ವರ್ಷದ ಹಿಂದೆ ನಾನೂ ಹೀಗೆಯೇ ತಡಮಾಡಿದ್ದೆ. ಹೊರಗಿನ ಖರೀದಿದಾರ ಮೂರು ತಿಂಗಳಾದರೂ ಹಣ ಹಾಕುವುದಿಲ್ಲ. ಕೈಯಲ್ಲಿ ಇರುವಷ್ಟರಲ್ಲಿ ಮೊದಲು ವಿದ್ಯುತ್ ಬಿಲ್ಲು, ಏಕೆಂದರೆ ಫ್ಯೂಸು ಕೀಳುತ್ತಾರೆ. ಆಮೇಲೆ ಹಾಳೆ ತರುವವನು, ಏಕೆಂದರೆ ಅವನು ನಾಳೆ ಬೇರೆಯವರಿಗೆ ಹಾಕುತ್ತಾನೆ. ಕೊನೆಗೆ ಉಳಿಯುವವರು ಏನೂ ಹೇಳದೆ ಕೆಲಸಕ್ಕೆ ಬರುವ ನಮ್ಮವರು. ಅವರು ಸುಮ್ಮನಿದ್ದಾರೆಂದರೆ ನಡೆಯುತ್ತಿದೆ ಎಂದೇ ನಾನು ತಿಳಿದಿದ್ದೆ, ಒಬ್ಬಳು ಮಗುವಿನ ಶಾಲೆಯ ಫೀಸಿಗೆ ಸಾಲ ಮಾಡಿದ್ದು ಬೇರೆಯವರಿಂದ ಗೊತ್ತಾಯಿತು. ಪತ್ರ ಕೊಡಿ. ಮೊದಲು ಮುಖ ಸಪ್ಪೆಯಾಗುತ್ತದೆ, ನನಗೂ ಆಗುತ್ತಿತ್ತು. ಆದರೆ ಕಾಗದದಲ್ಲಿ ಒಂದು ತಾರೀಕು ಬಿದ್ದರೆ ಸಂಬಳವೂ ವಿದ್ಯುತ್ ಬಿಲ್ಲಿನ ಸಾಲಿಗೆ ಬರುತ್ತದೆ.

ಕಾಸರಗೋಡಿನ ವಕೀಲರು

ಪೆರ್ಲದವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಿಮ್ಮ ಧನಿಗಳ ಸಂಸ್ಥೆ ಉದ್ಯಮ್ ನೋಂದಣಿ ಮಾಡಿಸಿದ್ದರೆ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಂತೆ ಖರೀದಿದಾರರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿಯನ್ನೂ ಸೇರಿಸಿ ಕೊಡಬೇಕು. ಲೆಕ್ಕ ಬರೆಯುವವರಾಗಿ ನಿಮಗೆ ಯಾವ ಬಿಲ್ಲು ಎಷ್ಟು ದಿನದಿಂದ ಬಾಕಿ ಎಂದು ಗೊತ್ತಿರುತ್ತದೆ. ಪತ್ರದ ಜೊತೆಗೆ ಆ ಪಟ್ಟಿಯನ್ನೂ ಅವರ ಮೇಜಿನ ಮೇಲಿಡಿ. ಹಾಗೆಂದು ಖರೀದಿದಾರ ಕೊಡಲಿಲ್ಲ ಎಂಬ ಕಾರಣ ಸಂಬಳದ ಗಡುವನ್ನು ಮುಂದೂಡುವುದಿಲ್ಲ.

ಪ್ರಶ್ನೆ ಕೇಳಿದ ಸದಸ್ಯೆ

ಎಂಟು ಮಂದಿ ಸಹಿಗೆ ಒಪ್ಪಿದ್ದಾರೆ, ಮೂವರು ಇಲ್ಲ. ಗಾಡಿ ಓಡಿಸುವ ಅಣ್ಣ ಮುಂಗಡವಾಗಿ 20,000 ರೂಪಾಯಿ ತೆಗೆದುಕೊಂಡಿದ್ದಾರೆ, ಸಹಿ ಹಾಕಿದರೆ ಒಮ್ಮೆಗೇ ಕಡಿದುಕೊಂಡರೆ ಎಂಬ ಭಯ. ಉತ್ತರವೇ ಬರದಿದ್ದರೆ ಕಾರ್ಮಿಕ ಕಚೇರಿಗೆ ಹೆಸರು ಹೇಳದೆ ದೂರು ಕೊಡಬಹುದೇ? ಒಟ್ಟು ಸಂಬಳದ ಹತ್ತು ಪಟ್ಟು ಪರಿಹಾರ ಸಿಗುತ್ತದೆ ಎಂದು ಒಬ್ಬರು ಹೇಳಿದರು.

ಕಾಸರಗೋಡಿನ ವಕೀಲರು

ಮುಂಗಡವನ್ನು ಸಂಬಳದಿಂದ ಕಳೆಯಬಹುದು, ಆದರೆ ಒಂದು ತಿಂಗಳ ಒಟ್ಟು ಕಡಿತ ಸಂಬಳದ ಅರ್ಧವನ್ನು ಮೀರಬಾರದು. ಚಾಲಕರ ಸಂಬಳ 16,000 ಎಂದಿಟ್ಟುಕೊಂಡರೆ, ಎಷ್ಟೇ ಕೋಪ ಬಂದರೂ ಆ ತಿಂಗಳು 8,000 ಕೈಗೆ ಬರಲೇಬೇಕು. ಅವರು ಸಹಿ ಹಾಕದಿದ್ದರೂ ಒತ್ತಾಯ ಮಾಡಬೇಡಿ, ಎಂಟು ಸಹಿ ಸಾಕು.

ಹೆಸರು ಹೇಳದೆ ತಪಾಸಣೆ ಕೋರಬಹುದು, ಆದರೆ 11 ಮಂದಿಯ ಸಂಸ್ಥೆಯಲ್ಲಿ ಯಾರು ಎಂದು ಊಹಿಸಲು ಧನಿಗಳಿಗೆ ಒಂದು ಸಂಜೆಯೂ ಬೇಡ. ಬಾಕಿ ಸಂಬಳಕ್ಕಾಗಿ ಹಾಕುವ ಅರ್ಜಿಯಲ್ಲಂತೂ ಯಾರಿಗೆ ಎಷ್ಟು ಬರಬೇಕೆಂದು ಬರೆಯಲೇಬೇಕು. ಎಂಟೂ ಜನ ಒಂದೇ ಅರ್ಜಿಯಲ್ಲಿ ಸೇರಬಹುದು. ಅಸಿಸ್ಟೆಂಟ್ ಲೇಬರ್ ಆಫೀಸರ್ ಕಚೇರಿಗೆ ಅದನ್ನು ಕನ್ನಡದಲ್ಲೇ ಕೊಡಿ, 1969ರ ಕೇರಳ ಭಾಷಾ ಕಾಯಿದೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಲ್ಲಿ ನಮಗೆ ಆ ಹಕ್ಕನ್ನೂ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನೂ ಕೊಟ್ಟಿದೆ. ನನ್ನ ಅನುಭವದಲ್ಲಿ ಜೊತೆಗೆ ಮಲಯಾಳದ ಒಂದು ಪ್ರತಿ ಇದ್ದರೆ ಕಡತ ಬೇಗ ಚಲಿಸುತ್ತದೆ. ಹಕ್ಕು ಇರುವಾಗ ಅದೇಕೆ ಎಂದು ನೀವು ಕೇಳಿದರೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ.

ಹತ್ತು ಪಟ್ಟು ಎಂಬುದು ಹೊಸ ಕಾನೂನಿನ ಮೇಲ್ಮಿತಿ, ಬಾಕಿ ಹಣದ ಜೊತೆಗೆ ಅಧಿಕಾರಿ ವಿವೇಚನೆಯಿಂದ ಕೊಡಬಹುದಾದದ್ದು. ಅದನ್ನು ನಂಬಿ ಸಾಲ ಮಾಡಬೇಡಿ. ಅರ್ಜಿಗೆ ಹೊಸ ಕಾನೂನು ಮೂರು ವರ್ಷ ಅವಕಾಶ ಕೊಡುತ್ತದೆ, ಹಳೆಯದು ಕೊಡುತ್ತಿದ್ದುದು 12 ತಿಂಗಳು. ಯಾವ ವಾದಕ್ಕೂ ಎಡೆಯಾಗದಂತೆ 12 ತಿಂಗಳೊಳಗೆ ಕೊಡುವುದು ಕ್ಷೇಮ. ಅರ್ಜಿ ಕೊಟ್ಟ ಮೇಲೂ ಅಲ್ಲೇ ನೆಮ್ಮದಿಯಿಂದ ದುಡಿಯುತ್ತೀರಿ ಎಂದು ನಾನು ಮಾತು ಕೊಡಲಾರೆ, ಅದಕ್ಕಾಗಿಯೇ ಪತ್ರವನ್ನು ಮೊದಲು ಹೇಳಿದ್ದು.

ಉಪ್ಪಳದ ಸದಸ್ಯರು

20 ಜನರ ಲೆಕ್ಕ ನನ್ನ ತಪ್ಪು, ಒಪ್ಪಿದೆ. ಆದರೂ ಅರ್ಧ ಸಂಬಳ 7ಕ್ಕೆ, ಅರ್ಧ 15ಕ್ಕೆ ಎಂದು ಧನಿಗಳು ಒಪ್ಪಂದ ಕೇಳಿದರೆ?

ಕಾಸರಗೋಡಿನ ವಕೀಲರು

ಎರಡು ತಿಂಗಳ ಮಟ್ಟಿಗೆ, ಬರಹದಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಹೆಸರಿಸಿದ್ದರೆ ನಾನು ಒಪ್ಪಿಕೊಳ್ಳಿ ಎನ್ನುತ್ತೇನೆ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಒಪ್ಪಬಾರದೆನ್ನುತ್ತಾರೆ, ಏಕೆಂದರೆ ಎರಡು ತಿಂಗಳು ಎಂದು ಆರಂಭವಾದದ್ದು ಹಾಗೇ ಉಳಿಯುವುದನ್ನು ಅವರು ಕಂಡಿದ್ದಾರೆ. ಅದನ್ನು ಆ ಎಂಟು ಮಂದಿಯೇ ಕೂತು ತೀರ್ಮಾನಿಸಬೇಕು.

ಪ್ರಶ್ನೆ ಕೇಳಿದ ಸದಸ್ಯೆ

ಸೋಮವಾರ ಪತ್ರ ಕೊಡುತ್ತೇವೆ. ಏಪ್ರಿಲ್ ತಿಂಗಳ ಪುಟದಲ್ಲಿ ದಿನಾಂಕದ ಕಾಲಮನ್ನು ಇಂದೇ ಖಾಲಿ ಬಿಟ್ಟಿದ್ದೇನೆ.

ಕಾಸರಗೋಡಿನ ವಕೀಲರು

ಎರಡು ಪ್ರತಿ ಮಾಡಿ, ಒಂದರ ಮೇಲೆ ಪಡೆದುಕೊಂಡ ಸಹಿ ಮತ್ತು ತಾರೀಕು ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಜಗಳ ಬೇಡ, ಅದೇ ದಿನ ಅಂಚೆ ಕಚೇರಿಗೆ ಹೋಗಿ ತಲುಪಿದ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ನಿಮ್ಮ ನೋಟುಬುಕ್ಕಿಗೆ ಅಂಟಿಸಿ.