ಅಪ್‌ಡೇಟ್: ಬೀಟೆ ಮರದ ಮೇಜು, ಹೊಸ ಹಿಡಿಗಳು

ನನ್ನ ಪ್ರಶ್ನೆ: "ಅಜ್ಜನ ಮನೆಯ ಬೀಟೆ ಮೇಜು ಇದು. ಹಿತ್ತಾಳೆ ಹಿಡಿಗಳು ಹೊಸದಾಗಿ ಕಾಣುತ್ತಿವೆ. ಮೇಜು ನಿಜಕ್ಕೂ ಹಳೆಯದಾ?"

ಅಪ್‌ಡೇಟ್: ನೀವು ಹೇಳಿದಂತೆ ಡ್ರಾಯರ್ ಪೂರ್ತಿ ಹೊರಗೆಳೆದು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆದೆ. ಫ್ಲ್ಯಾಶ್‌ನಲ್ಲಿ ಕಾಣದ್ದೆಲ್ಲ ಈಗ ಕಾಣುತ್ತಿದೆ!

ಮೂಲೆಯಲ್ಲಿ ಹಲಗೆಗಳನ್ನು ಒಂದಕ್ಕೊಂದು ಕಚ್ಚಿಸುವ ಡವ್‌ಟೇಲ್ ಹಲ್ಲುಗಳು ಒಂದೇ ಅಳತೆಯಲ್ಲಿಲ್ಲ. ಬುಡದಲ್ಲಿ ಬಡಗಿ ಗೀರಿದ ಗೆರೆ ಇದೆ, ಗರಗಸ ಅದನ್ನು ಚೂರು ದಾಟಿದೆ. ಅಂದರೆ ಕೈಕೆಲಸ. ಆದರೆ ನಮ್ಮ ಕಡೆ ಇಂಥ ಕೈಕೆಲಸ ಈಗಲೂ ಇದೆ, ಅಲ್ವಾ? ಬರೀ ಇದರಿಂದ ವಯಸ್ಸು ಹೇಳಲು ಆಗುವುದಿಲ್ಲ.

ಹೆಚ್ಚು ಹೇಳಿದ್ದು ಹಿಡಿಯ ಹಿಂಭಾಗ. ಈಗಿನ ಸ್ಕ್ರೂಗಳದ್ದು ಪ್ಲಸ್ ತಲೆ, ಅದು 1930ರ ದಶಕದಲ್ಲಿ ಬಳಕೆಗೆ ಬಂದದ್ದು. ಪಕ್ಕದಲ್ಲೇ ಮರದ ಬೆಣೆ ಬಡಿದು ಮುಚ್ಚಿದ ಹಳೆಯ ತೂತುಗಳಿವೆ. ಅವುಗಳ ಸುತ್ತ ಬೇರೆ ಆಕಾರದ ಹಿಡಿಯ ಗಾಢ ಗುರುತು ಮರದ ಮೇಲೆ ಉಳಿದಿದೆ. ಹಾಗಾಗಿ ಹಿಡಿಗಳನ್ನು ಮಾತ್ರ ಆಮೇಲೆ ಬದಲಿಸಿದ್ದಾರೆ.

ಡ್ರಾಯರ್‌ನ ತಳದಂಚು ಹಿಂದಕ್ಕೆ ಹೋದಂತೆ ಹೆಚ್ಚು ಸವೆದಿದೆ. ಅದು ಜಾರುವ ಪಟ್ಟಿಯಲ್ಲೂ ಅದಕ್ಕೆ ಹೊಂದುವ ಸವೆತವಿದೆ. ಬೇರೆ ಮೇಜಿನ ಡ್ರಾಯರ್ ತಂದು ತುರುಕಿದ್ದರೆ ಇವೆರಡೂ ಹೀಗೆ ಹೊಂದುತ್ತಿರಲಿಲ್ಲ. ಹಿಂದಿನ ಹಲಗೆಯಲ್ಲಿ ಮಾತ್ರ ಬಾಗಿದ ಗರಗಸದ ಗುರುತುಗಳಿವೆ, ಅಂದರೆ ಅದು ದುಂಡು ಗರಗಸದ ಮಿಲ್‌ನಲ್ಲಿ ಸೀಳಿದ್ದು. ಬಹಳ ಹಳೆಯದು ಎಂಬ ಮನೆಯವರ ಮಾತಿಗೆ ಇದು ಒಂದು ಮಿತಿ ಹಾಕುತ್ತದೆ: ಮೇಜು ಅಂಥ ಮಿಲ್‌ಗಳು ಬಂದ ಮೇಲಿನದೇ ಇರಬೇಕು. ಹಲಗೆಯನ್ನು ಆಮೇಲೆ ಬದಲಿಸಿದ್ದರೆ ಲೆಕ್ಕ ಬೇರೆ, ಅದಕ್ಕೇ ಅದರ ಮೊಳೆಗಳ ಫೋಟೋವನ್ನೂ ಹಾಕುತ್ತಿದ್ದೇನೆ. ನೀವು ಅದನ್ನು ನೋಡಿ ಹೇಳುವವರೆಗೆ ಪಾಲಿಶ್ ಮಾಡಿಸುವುದಿಲ್ಲ.